ಕಾತ್ರ್ ವ್ಯಾಂ ದೀಸೆತ್ ಅಂದ್ರೆ ತೊಂಬತ್ತೇಳು: ಫ್ರೆಂಚ್ ಸಂಖ್ಯೆ ಕಿವಿಗೆ ಬಿದ್ದಾಗ ಬರೆಯೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಕೇಳೋಕೆ ಒಂದು ಪೆನ್ನು, ಒಂದು ಹಾಳೆ ಇಟ್ಕೊಂಡ್ರೆ ಒಳ್ಳೇದು. ಫ್ರೆಂಚ್ ಕಲೀತಿರೋ ನಮ್ಮ ಕೇಳುಗರಲ್ಲಿ ಹಲವರು ಒಂದೇ ಮಾತು ಹೇಳ್ತಾರೆ: ಅರವತ್ತೊಂಬತ್ತರವರೆಗೆ ಎಲ್ಲ ಸರಿಯಾಗಿರುತ್ತೆ, ಆಮೇಲೆ ಕಿವಿ ಕೈಕೊಡುತ್ತೆ. ಪುಸ್ತಕದಲ್ಲಿ ನೋಡಿದ್ರೆ ಅರ್ಥ ಆಗುತ್ತೆ, ಫೋನಲ್ಲಿ ಯಾರಾದ್ರೂ ನಂಬರ್ ಹೇಳಿದ್ರೆ ಬರೆಯೋಕಾಗಲ್ಲ. ಹಾಗಾಗಿ ಇವತ್ತು ವ್ಯಾಕರಣ ಬಿಟ್ಟು, ಕೇಳಿಸಿಕೊಂಡದ್ದನ್ನ ಅಂಕಿ ಮಾಡೋದು ಹೇಗೆ, ಅಂಕಿಯನ್ನ ಕನ್ನಡದ ಪದ ಮಾಡೋದು ಹೇಗೆ ಅನ್ನೋದನ್ನಷ್ಟೇ ನೋಡೋಣ.

ಮೊದಲು ತೊಂದರೆ ಎಲ್ಲಿದೆ ಅಂತ ತಿಳ್ಕೊಳ್ಳೋಣ. ಫ್ರಾನ್ಸಿನ ಫ್ರೆಂಚಿನಲ್ಲಿ ಎಪ್ಪತ್ತು, ಎಂಬತ್ತು, ತೊಂಬತ್ತು ಅನ್ನೋದಕ್ಕೆ ಬೇರೆ ಪದ ಬಳಕೆಯಲ್ಲಿಲ್ಲ. ಅರವತ್ತಕ್ಕೆ ‘ಸ್ವಾಸಾಂತ್’. ಎಪ್ಪತ್ತಕ್ಕೆ ‘ಸ್ವಾಸಾಂತ್ ದೀಸ್’, ಅಂದ್ರೆ ಅರವತ್ತು ಹತ್ತು. ಎಂಬತ್ತಕ್ಕೆ ‘ಕಾತ್ರ್ ವ್ಯಾಂ’, ಅಂದ್ರೆ ನಾಲ್ಕು ಇಪ್ಪತ್ತು. ತೊಂಬತ್ತಕ್ಕೆ ‘ಕಾತ್ರ್ ವ್ಯಾಂ ದೀಸ್’, ನಾಲ್ಕು ಇಪ್ಪತ್ತು ಹತ್ತು. ತೊಂಬತ್ತೇಳು ಬಂದ್ರೆ ‘ಕಾತ್ರ್ ವ್ಯಾಂ ದೀಸೆತ್’: 4, 20, 10, 7. ನಾಲ್ಕು ಚೂರು ಸೇರಿ ಒಂದು ಸಂಖ್ಯೆ.

ಇದು ನೋಡೋಕೆ ವಿಚಿತ್ರ, ಆದ್ರೆ ಇದರ ಹಿಂದಿನ ನಿಯಮ ಕನ್ನಡದವರಿಗೆ ಹೊಸದೇನಲ್ಲ. ‘ಮುನ್ನೂರು’ ಅಂದ್ರೆ 300, ‘ನೂರ ಮೂರು’ ಅಂದ್ರೆ 103. ಚಿಕ್ಕದು ಮುಂದೆ ಬಂದ್ರೆ ಗುಣಿಸ್ತೀವಿ, ಹಿಂದೆ ಬಂದ್ರೆ ಕೂಡಿಸ್ತೀವಿ. ಫ್ರೆಂಚಿನಲ್ಲೂ ಅದೇ. ನಾಲ್ಕು ಇಪ್ಪತ್ತಕ್ಕಿಂತ ಮುಂದೆ ಇದೆ, ಅದಕ್ಕೆ ಗುಣಿಸಿ, 80. ಹತ್ತು, ಏಳು ಹಿಂದೆ ಬಂದಿವೆ, ಅದಕ್ಕೆ ಕೂಡಿಸಿ, 97. ನಾವು ನೂರನ್ನು ಹಿಡಿದು ಮಾಡೋ ಕೆಲಸವನ್ನ ಅವರು ಇಪ್ಪತ್ತನ್ನು ಹಿಡಿದು ಮಾಡ್ತಾರೆ, ಅಷ್ಟೇ. ಹಿಂದೆ ಫ್ರೆಂಚಿನಲ್ಲಿ ಈ ಇಪ್ಪತ್ತರ ಲೆಕ್ಕ ಇನ್ನೂ ಮೇಲಕ್ಕೆ ಹೋಗ್ತಿತ್ತು. ಪ್ಯಾರಿಸ್‌ನಲ್ಲಿ ‘ಕ್ಯಾಂಜ಼್ ವ್ಯಾಂ’ ಅನ್ನೋ ಕಣ್ಣಿನ ಆಸ್ಪತ್ರೆ ಇವತ್ತಿಗೂ ಇದೆ. ಹೆಸರಿನ ಅರ್ಥ ಹದಿನೈದು ಇಪ್ಪತ್ತು. ಹದಿಮೂರನೇ ಶತಮಾನದಲ್ಲಿ ದೊರೆ ಒಂಬತ್ತನೇ ಲೂಯಿ ಅದನ್ನ ಕಟ್ಟಿಸಿದ್ದು ಮುನ್ನೂರು ಮಂದಿ ಅಂಧರಿಗಾಗಿ.

ನಿಯಮ ಇಷ್ಟು ಸರಳ ಅಂದ್ಮೇಲೆ ಕಿವಿ ಯಾಕೆ ಸೋಲುತ್ತೆ? ಕನ್ನಡದಲ್ಲಿ ‘ತೊಂಬ...’ ಅಂದ ತಕ್ಷಣ ಹತ್ತರ ಸ್ಥಾನ ಖಚಿತ. ಕೈ 9 ಬರೆದುಬಿಡುತ್ತೆ, ಕೊನೆಯ ಅಂಕಿಗೆ ಕಾಯುತ್ತೆ. ಫ್ರೆಂಚಿನಲ್ಲಿ ‘ಸ್ವಾಸಾಂತ್’ ಕೇಳಿ 6 ಬರೆದ್ರೆ ಅದು ಬರೀ ಊಹೆ. ಮುಂದೆ ‘ಸ್ಯಾಂಕ್’ ಬಂದ್ರೆ 65, ಊಹೆ ಸರಿ. ‘ಕ್ಯಾಂಜ಼್’ ಬಂದ್ರೆ 75, ಬರೆದ 6 ಹೊಡೆದುಹಾಕಬೇಕು. ಅಂದ್ರೆ ಮೊದಲನೇ ಅಂಕಿಯನ್ನ ತೀರ್ಮಾನ ಮಾಡೋದು ಕೊನೆಯ ಪದ. ಅದಕ್ಕೇ ಮೊದಲನೇ ಅಭ್ಯಾಸ ಇದು: ‘ಸ್ವಾಸಾಂತ್’ ಅಥವಾ ‘ಕಾತ್ರ್ ವ್ಯಾಂ’ ಕೇಳಿದಾಗ ಪೆನ್ನು ಹಾಳೆಗೆ ಇಡಬೇಡಿ. ಮನಸ್ಸಲ್ಲಿ ಅರವತ್ತು ಅಂತ ಕನ್ನಡಕ್ಕೂ ತಿರುಗಿಸಬೇಡಿ. ಬಾಲ ಬರಲಿ.

ಬಾಲದಲ್ಲಿ ಏನು ಕೇಳಬೇಕು? ಇಲ್ಲಿ ಒಂದು ಒಳ್ಳೇ ಗುರುತು ಇದೆ. ಫ್ರೆಂಚಿನಲ್ಲಿ ಹನ್ನೊಂದರಿಂದ ಹದಿನಾರರವರೆಗಿನ ಆರೂ ಪದಗಳು ‘ಜ಼್’ ಸದ್ದಿನಲ್ಲಿ ಮುಗಿಯುತ್ತವೆ: ಓಂಜ಼್, ದೂಜ಼್, ತ್ರೆಜ಼್, ಕಾತೋರ್ಜ಼್, ಕ್ಯಾಂಜ಼್, ಸೆಜ಼್. ನಮ್ಮ ‘ಜ’ ಅಲ್ಲ, ‘ಜ಼ೂ’, ‘ಜ಼ೀರೋ’ ಅನ್ನುವಾಗಿನ ಸದ್ದು. ಹದಿನೇಳು, ಹದಿನೆಂಟು, ಹತ್ತೊಂಬತ್ತು ಮೂರೂ ‘ದೀ’ ಅಂತ ಶುರುವಾಗುತ್ತವೆ: ದೀಸೆತ್, ದೀಜ಼್ವೀತ್, ದೀಜ಼್ನೆಫ್. ಬಾಲ ‘ಜ಼್’ ಅಂತ ಗುಂಯ್‌ಗುಟ್ಟಿದ್ರೆ ಅಥವಾ ‘ದೀ’ ಅಂತ ಶುರುವಾದ್ರೆ ಹತ್ತರ ಸ್ಥಾನ ಒಂದು ಮೇಲೇರುತ್ತೆ. 6 ಇದ್ದದ್ದು 7, 8 ಇದ್ದದ್ದು 9. ಇಲ್ಲದಿದ್ರೆ ಅಲ್ಲೇ ನಿಲ್ಲುತ್ತೆ.

‘ಸ್ವಾಸಾಂತ್ ಸೀಸ್’ ಮತ್ತು ‘ಸ್ವಾಸಾಂತ್ ಸೆಜ಼್’ ತಗೊಳ್ಳಿ. ಮೊದಲನೇದು 66, ಅರವತ್ತಾರು. ಎರಡನೇದು 76, ಎಪ್ಪತ್ತಾರು. ಹಾಗೇ ‘ಕಾತ್ರ್ ವ್ಯಾಂ ದೋ’ 82, ಎಂಬತ್ತೆರಡು. ‘ಕಾತ್ರ್ ವ್ಯಾಂ ದೂಜ಼್’ 92, ತೊಂಬತ್ತೆರಡು. ಕನ್ನಡದಲ್ಲಿ ನೋಡಿ, ಎರಡರಲ್ಲೂ ಬಾಲ ಒಂದೇ, ‘ಎರಡು’, ತಲೆ ಬೇರೆ. ಫ್ರೆಂಚಿನಲ್ಲಿ ತಲೆ ಒಂದೇ, ಬಾಲ ಬೇರೆ. ಆ ಭಾಷೆಯ ಬಾಲದಲ್ಲಿ ಕೇಳಿದ ವ್ಯತ್ಯಾಸವನ್ನ ನಮ್ಮ ಭಾಷೆಯ ತಲೆಗೆ ಹಚ್ಚಬೇಕು. ಅದಕ್ಕೇ ನೇರವಾಗಿ ಫ್ರೆಂಚಿನಿಂದ ಕನ್ನಡದ ಪದಕ್ಕೆ ಹಾರೋದು ಕಷ್ಟ. ನನ್ನ ಪ್ರಕಾರ ನಡುವೆ ಅಂಕಿ ಬರೀಲೇಬೇಕು. ಅಂಕಿ ಬರೆದ್ಮೇಲೆ ಕನ್ನಡ ತಾನಾಗಿ ಬರುತ್ತೆ, ‘ತೊಂಬತ್ತು ಏಳು’ ಸೇರಿ ‘ತೊಂಬತ್ತೇಳು’ ಆಗೋದನ್ನ ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ.

ಈಗ ಒಂದು ಫೋನ್ ನಂಬರ್ ಬರೆಯೋಣ. ಫ್ರಾನ್ಸಿನಲ್ಲಿ ನಂಬರ್ ಹತ್ತಂಕಿ, ಅದನ್ನ ಎರಡೆರಡಾಗಿ ಐದು ಜೋಡಿ ಮಾಡಿ ಹೇಳ್ತಾರೆ. ನಾನು ಹೇಳೋ ನಂಬರ್ ಸಿನಿಮಾ, ಧಾರಾವಾಹಿಗಳಿಗೆ ಅಂತ ಮೀಸಲಿಟ್ಟ ಸಾಲಿನದ್ದು, ಯಾರಿಗೂ ಕರೆ ಹೋಗಲ್ಲ. ಕೇಳಿ: ‘ಜ಼ೇರೊ ಸೀಸ್, ತ್ರಾಂತ್ ನೆಫ್, ಕಾತ್ರ್ ವ್ಯಾಂ ದೀಜ಼್ವೀತ್, ಸ್ವಾಸಾಂತ್ ಕ್ಯಾಂಜ಼್, ಕಾತ್ರ್ ವ್ಯಾಂ ದೀಸೆತ್’.

ಮೊದಲ ಜೋಡಿ 06. ಎರಡನೇದು ಮೂವತ್ತು ಒಂಬತ್ತು, 39. ಮೂರನೇದರಲ್ಲಿ ‘ಕಾತ್ರ್ ವ್ಯಾಂ’ ಬಂತು, ಪೆನ್ನು ನಿಂತಿದೆ. ‘ದೀ’ ಅಂತ ಬಾಲ ಶುರುವಾಯ್ತು, 9 ಬರೀರಿ. ‘ವೀತ್’ ಎಂಟು, 98. ನಾಲ್ಕನೇದರಲ್ಲಿ ‘ಸ್ವಾಸಾಂತ್’, ಕಾಯಿರಿ. ‘ಕ್ಯಾಂಜ಼್’, ಗುಂಯ್ ಅಂತು, 75. ಕೊನೇದು 97. ಹಾಳೆಯ ಮೇಲೆ 06 39 98 75 97. ಕನ್ನಡದಲ್ಲಿ ಓದಿ: ಸೊನ್ನೆ ಆರು, ಮೂವತ್ತೊಂಬತ್ತು, ತೊಂಬತ್ತೆಂಟು, ಎಪ್ಪತ್ತೈದು, ತೊಂಬತ್ತೇಳು.

ಕಾಯದೆ ಬರೆದವರ ಹಾಳೆ ಹೇಗಿರುತ್ತೆ? 06 39 80 18 60 15 80 17. ಐದು ಜೋಡಿ ಇರಬೇಕಾದ ಕಡೆ ಎಂಟು! ಇದು ನೋಡಿದ ಕೂಡಲೇ ಗೊತ್ತಾಗೋ ತಪ್ಪು. 80 ಆದ್ಮೇಲೆ 18, 60 ಆದ್ಮೇಲೆ 15 ಅಂತ ಎಲ್ಲೆಲ್ಲಿ ಇದೆಯೋ ಅಲ್ಲಿ ಎರಡನ್ನೂ ಕೂಡಿಸಿಬಿಟ್ರೆ ನಂಬರ್ ವಾಪಸ್ ಸಿಗುತ್ತೆ: 98, 75, 97. ಹಾಗಾಗಿ ಜೋಡಿ ಎಣಿಸೋದು ಒಳ್ಳೇ ಪರೀಕ್ಷೆ.

ಆದ್ರೆ ಅದು ಹಿಡಿಯೋದು ಒಡೆದ ಜೋಡಿಯನ್ನ ಮಾತ್ರ. 76 ಅನ್ನು 66 ಅಂತ ಬರೆದ್ರೆ ಜೋಡಿ ಐದೇ ಇರುತ್ತೆ, ಲೆಕ್ಕ ಸರಿಯಾಗೇ ಕಾಣುತ್ತೆ, ಫೋನ್ ಇನ್ಯಾರಿಗೋ ಹೋಗುತ್ತೆ. ಇದಕ್ಕೆ ಮದ್ದು ಬಿಡಿ ಅಂಕಿ. ಸಂದೇಹ ಬಂದ ಜೋಡಿಯನ್ನ ಮತ್ತೆ ಹೇಳಿ ಅಂತ ಕೇಳಿದ್ರೆ ಅವರು ಅದೇ ‘ಸ್ವಾಸಾಂತ್ ಸೆಜ಼್’ ಅನ್ನೇ ಜೋರಾಗಿ ಹೇಳ್ತಾರೆ, ಪ್ರಯೋಜನ ಇಲ್ಲ. ಬದಲಿಗೆ ನೀವೇ ‘ಸೆತ್, ಸೀಸ್?’ ಅಂತ ಕೇಳಿ. ಏಳು, ಆರು. ಹೌದು ಅಥವಾ ಅಲ್ಲ ಅಂತಾರೆ, ಮುಗೀತು. ಫ್ರೆಂಚರಿಗೆ ಇದೇನೂ ವಿಚಿತ್ರ ಅನ್ಸಲ್ಲ. ಪ್ಯಾರಿಸ್ ಪಕ್ಕದ 93ನೇ ಸಂಖ್ಯೆಯ ಜಿಲ್ಲೆಯನ್ನ ಅಲ್ಲಿನ ಹುಡುಗ್ರು ‘ನೆಫ್ ತ್ರ್ವಾ’, ಒಂಬತ್ತು ಮೂರು ಅಂತಲೇ ಕರೀತಾರೆ.

ದುಡ್ಡಿನ ವಿಷಯಕ್ಕೆ ಬಂದ್ರೆ ಮೇಲೆ ಹೇಳಿದ ‘ಜ಼್’ ಗುರುತು ಕೈಕೊಡುತ್ತೆ, ಇದನ್ನ ಗಮನ ಇಟ್ಟು ಕೇಳಿ. ‘ಯುರೊ’ ಅನ್ನೋ ಪದ ಸ್ವರದಿಂದ ಶುರುವಾಗುತ್ತೆ. ಸ್ವರ ಎದುರಾದಾಗ ಫ್ರೆಂಚಿನಲ್ಲಿ ಹಿಂದಿನ ಪದದ ಕೊನೆಗೆ ಅಡಗಿರೋ ವ್ಯಂಜನ ಎದ್ದು ಬರುತ್ತೆ, ನಮ್ಮ ಸಂಧಿ ಇದ್ದ ಹಾಗೆ. ‘ದೋ’ ಹೋಗಿ ‘ದೋಜ಼್ ಯುರೊ’, ‘ಸೀಸ್’ ಹೋಗಿ ‘ಸೀಜ಼್ ಯುರೊ’. ಎಂಬತ್ತು ಯುರೊ ಕೂಡ ‘ಕಾತ್ರ್ ವ್ಯಾಂಜ಼್ ಯುರೊ’. ಅಂಗಡಿಯವರು 66 ಯುರೊ ಅಂದ್ರೂ ‘ಜ಼್’ ಇದೆ, 76 ಯುರೊ ಅಂದ್ರೂ ‘ಜ಼್’ ಇದೆ. ಹತ್ತು ಯುರೊ ವ್ಯತ್ಯಾಸ ಇರೋದು ನಡುವಿನ ಸ್ವರದಲ್ಲಿ: ‘ಸೀಜ಼್’ ಆದ್ರೆ ಆರು, ‘ಸೆಜ಼್’ ಆದ್ರೆ ಹದಿನಾರು. ‘ದೋಜ಼್’ ಎರಡು, ‘ದೂಜ಼್’ ಹನ್ನೆರಡು. ಫೋನ್ ನಂಬರ್ ಹೇಳುವಾಗ ಜೋಡಿ ಜೋಡಿಗೂ ನಡುವೆ ನಿಲ್ಲಿಸ್ತಾರೆ, ಅದಕ್ಕೇ ಅಲ್ಲಿ ಈ ತೊಂದರೆ ಬರಲ್ಲ.

ಇನ್ನೊಂದು ಸಣ್ಣ ಗೊಂದಲ 24 ಮತ್ತು 80. ‘ವ್ಯಾಂತ್ ಕಾತ್ರ್’ ಇಪ್ಪತ್ನಾಲ್ಕು, ‘ಕಾತ್ರ್ ವ್ಯಾಂ’ ಎಂಬತ್ತು. ಕ್ರಮ ನೋಡಿದ್ರೆ ಸಾಕು. ಜೊತೆಗೆ ಇಪ್ಪತ್ತೊಂದರಿಂದ ಇಪ್ಪತ್ತೊಂಬತ್ತರವರೆಗೆ ‘ವ್ಯಾಂತ್’ ಅಂತ ‘ತ್’ ಕೇಳುತ್ತೆ, ಎಂಬತ್ತೊಂದರಿಂದ ಮುಂದೆ ಕೇಳಲ್ಲ. ಮಾತಿನ ವೇಗದಲ್ಲಿ ‘ಕಾತ್ರ್’ ಬರೀ ‘ಕಾತ್’ ಆಗೋದೂ ಉಂಟು.

ಇಸವಿ ಬಂದ್ರೆ ಎಡದಿಂದ ಬಲಕ್ಕೆ ಕಳಚುತ್ತಾ ಹೋಗಿ. ಫ್ರೆಂಚ್ ಕ್ರಾಂತಿಯ ವರ್ಷ ‘ಮೀಲ್ ಸೆತ್ ಸಾಂ ಕಾತ್ರ್ ವ್ಯಾಂ ನೆಫ್’. ಸಾವಿರ, ಏಳು ನೂರು, ನಾಲ್ಕು ಇಪ್ಪತ್ತು, ಒಂಬತ್ತು. ಬಾಲ ‘ನೆಫ್’ ಮಾತ್ರ, ‘ದೀ’ ಇಲ್ಲ, ಹಾಗಾಗಿ ಎಂಟು ಎಂಟಾಗೇ ಉಳೀತು: 1789, ಸಾವಿರದ ಏಳುನೂರ ಎಂಬತ್ತೊಂಬತ್ತು. ವಿಕ್ಟರ್ ಹ್ಯೂಗೋ 1874ರಲ್ಲಿ ತಂದ ಕಾದಂಬರಿಯ ಹೆಸರು ‘ಕಾತ್ರ್ ವ್ಯಾಂ ತ್ರೆಜ಼್’. ಗುಂಯ್ ಅಂತು, ತೊಂಬತ್ತಮೂರು. ಕತೆ ನಡೆಯೋದು 1793ರಲ್ಲಿ.

ದೊಡ್ಡ ಮೊತ್ತಕ್ಕೆ ಬಂದ್ರೆ ಬೇರೆ ಎಚ್ಚರ ಬೇಕು. ಫ್ರೆಂಚಿನಲ್ಲಿ ಲಕ್ಷ ಇಲ್ಲ. ‘ತ್ರ್ವಾ ಸಾಂ ಸ್ವಾಸಾಂತ್ ದೀ ಮೀಲ್’ ಅಂದ್ರೆ ಮುನ್ನೂರ ಎಪ್ಪತ್ತು ಸಾವಿರ. ಅವರು ಬರೆಯೋದು 370 000, ನಡುವೆ ಅಲ್ಪವಿರಾಮ ಇಲ್ಲ, ಖಾಲಿ ಜಾಗ. ನಾವು ಬರೆಯೋದು 3,70,000, ಮೂರು ಲಕ್ಷ ಎಪ್ಪತ್ತು ಸಾವಿರ. ಅವರ ಬರಹದಲ್ಲಿ ಅಲ್ಪವಿರಾಮ ಕಂಡ್ರೆ ಅದು ದಶಮಾಂಶದ ಚುಕ್ಕೆ. 2,90 ಅಂದ್ರೆ ಎರಡು ಯುರೊ ತೊಂಬತ್ತು ಸೆಂಟ್. ಬಿಲ್ ನೋಡಿ ಗಾಬರಿ ಆಗ್ಬೇಡಿ.

ಬೆಲ್ಜಿಯಂ ಅಥವಾ ಸ್ವಿಟ್ಜರ್ಲೆಂಡಿಗೆ ಹೋಗೋರಿಗೆ ಸ್ವಲ್ಪ ಸುಲಭ. ಎರಡೂ ಕಡೆ ಎಪ್ಪತ್ತಕ್ಕೆ ‘ಸೆಪ್ತಾಂತ್’, ತೊಂಬತ್ತಕ್ಕೆ ‘ನೊನಾಂತ್’ ಇದೆ. 97 ಅಂದ್ರೆ ‘ನೊನಾಂತ್ ಸೆತ್’, ನಮ್ಮ ತೊಂಬತ್ತೇಳಿನ ಹಾಗೇ ಎರಡೇ ಚೂರು, ‘ನೊನಾಂತ್’ ಕೇಳಿದ ತಕ್ಷಣ 9 ಬರೀಬಹುದು. ಆದ್ರೆ ಬೆಲ್ಜಿಯಂನವರು ಎಂಬತ್ತನ್ನ ‘ಕಾತ್ರ್ ವ್ಯಾಂ’ ಅಂತಲೇ ಉಳಿಸ್ಕೊಂಡಿದ್ದಾರೆ. ಸ್ವಿಟ್ಜರ್ಲೆಂಡಿನ ಲೊಸಾನ್ ಕಡೆ ‘ವಿತಾಂತ್’ ಅಂತಾರೆ, ಅಲ್ಲೇ ಹತ್ತಿರದ ಜಿನೀವಾದಲ್ಲಿ ಮತ್ತೆ ‘ಕಾತ್ರ್ ವ್ಯಾಂ’. ಈ ಊರುಗಳಲ್ಲಿ ಅದರ ಬಾಲದಲ್ಲಿ ‘ದೂಜ಼್’, ‘ದೀಸೆತ್’ ಬರೋದು ಕಡಿಮೆ, ಯಾಕಂದ್ರೆ ತೊಂಬತ್ತಕ್ಕೆ ಬೇರೆ ಪದ ಇದೆ. ಆದ್ರೆ ಹಾಗೆ ಹೇಳ್ತಿರೋದು ಫ್ರಾನ್ಸಿನಿಂದ ಬಂದು ಅಲ್ಲಿ ಕೆಲಸ ಮಾಡೋರಾದ್ರೆ ಬಾಲ ಬರೋತನಕ ಪೆನ್ನು ತಡೆದೇ ಇಟ್ಕೊಳ್ಳಿ.