ವರದಿಯ ಶೀರ್ಷಿಕೆ ಮತ್ತು ಉಪಶೀರ್ಷಿಕೆಗಳ ಪರೀಕ್ಷೆ

ಹಸ್ತಪ್ರತಿಗಳನ್ನು ಕುರಿತ ವರದಿಯನ್ನು ಪರಿಶೀಲಿಸುವವರು ಮೊದಲು ಅದರ ನಿರ್ಣಯವನ್ನು ಒಂದು ವಾಕ್ಯದಲ್ಲಿ ಬರೆದುಕೊಂಡು, ಬಳಿಕ ಶೀರ್ಷಿಕೆಯೊಡನೆ ಹೋಲಿಸತಕ್ಕದ್ದು. ‘ಶಿವಕೋಟ್ಯಾಚಾರ್ಯನ ವಡ್ಡಾರಾಧನೆ: ಪ್ರತಿಗಳ ವಿಚಾರ’ ಎಂಬ ವರದಿಯಿದೆಯೆನ್ನೋಣ. 19 ಕಥೆಗಳ ಈ ಗ್ರಂಥವನ್ನು ರಚಿಸಿದವನು ಶಿವಕೋಟಿಯೇ ಎಂಬುದು ವಿದ್ವಾಂಸರಲ್ಲಿ ವಿವಾದಗ್ರಸ್ತವಾದ ವಿಷಯ. ವರದಿಯೂ ಕರ್ತೃತ್ವ ಸಂದಿಗ್ಧವೆಂದೇ ಮುಗಿದರೆ, ಒಳಗೆ ಸಾಧಿತವಾಗದುದನ್ನು ಶೀರ್ಷಿಕೆಯು ಸಿದ್ಧವೆಂದು ಸಾರಿದಂತಾಗುತ್ತದೆ. ‘ವಡ್ಡಾರಾಧನೆಯ ಪ್ರತಿಗಳು ಮತ್ತು ಕರ್ತೃವಿಚಾರ’ ಎಂದರೆ ಆ ದೋಷವಿಲ್ಲ.

ಅನಂತರ ಉಪಶೀರ್ಷಿಕೆಗಳನ್ನಷ್ಟೇ ಬೇರೊಂದು ಹಾಳೆಯಲ್ಲಿ ಕ್ರಮವಾಗಿ ಬರೆದು ಓದಬೇಕು. ‘ಪ್ರತಿಗಳು’, ‘ಚರ್ಚೆ’, ‘ಇತರ ವಿಷಯಗಳು’ ಎಂದಿದ್ದರೆ ವಾದದ ಜಾಡು ತಿಳಿಯದು. ಇವು ಯಾವ ಗ್ರಂಥದ ವರದಿಗಾದರೂ ಸಲ್ಲುತ್ತವೆ. ‘ಪುಷ್ಪಿಕೆಯಲ್ಲಿ ಶಿವಕೋಟಿಯ ಹೆಸರು’, ‘ಆ ಹೆಸರು ಕನ್ನಡ ಕರ್ತೃವಿನದೋ, ಪ್ರಾಕೃತ ಆರಾಧನೆಯ ಕರ್ತೃವಿನದೋ?’, ‘ಪ್ರತಿಗಳಿಂದ ನಿರ್ಣಯಿಸಬಹುದಾದಷ್ಟು’ ಎಂದಿದ್ದರೆ ಆಧಾರ, ಸಂಶಯ, ನಿರ್ಣಯಗಳು ಅನುಕ್ರಮವಾಗಿ ಗೋಚರಿಸುತ್ತವೆ.

ಆದರೆ ಈ ಪರೀಕ್ಷೆಗೂ ಮಿತಿಯುಂಟು. ಹಾಳೆಯಲ್ಲಿ ಕ್ರಮ ಸರಿಯಿದ್ದರೂ, ಪ್ರತಿಯೊಂದು ಉಪಶೀರ್ಷಿಕೆಯ ಕೆಳಗಿನ ಭಾಗವು ಅದು ಸೂಚಿಸಿದ ವಿಷಯವನ್ನೇ ನಿರೂಪಿಸುವುದೇ ಎಂಬುದನ್ನು ಓದಿಯೇ ತಿಳಿಯಬೇಕು. ಪುಷ್ಪಿಕೆಯ ಹೆಸರಿನಡಿ ಲಿಪಿಯ ಕಾಲವನ್ನು ಚರ್ಚಿಸಿದ್ದರೆ, ಆ ಭಾಗಕ್ಕೆ ಪ್ರತ್ಯೇಕ ಉಪಶೀರ್ಷಿಕೆ ಅವಶ್ಯಕ.