ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ನಲವತ್ತು ದಾಟಿದವರಿಗೆ ಹೇಳುವ ಮಾತುಗಳೂ ನಿಜಸಂಗತಿಯೂ

ನಲವತ್ತೆರಡರ ವಯಸ್ಸಿನಲ್ಲಿ ಯಾರಾದರೂ ಕೆಲಸ ಬದಲಿಸುತ್ತೇನೆ ಎಂದರೆ ಸಾಕು, ಮನೆಯವರಿಂದ ಹಿಡಿದು ಸಹೋದ್ಯೋಗಿಗಳವರೆಗೆ ಎಲ್ಲರ ಬಾಯಲ್ಲೂ ಒಂದೊಂದು ಮಾತು ಸಿದ್ಧವಾಗಿರುತ್ತದೆ. ಹೆದರಿದವರು ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎನ್ನುತ್ತಾರೆ, ‘ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ’ ಎನ್ನುತ್ತಾರೆ. ಹುರಿದುಂಬಿಸುವವರು ಅಮೆರಿಕದ ಕೋಳಿ ವ್ಯಾಪಾರಿಯ ಕತೆಯನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಎರಡೂ ಬಗೆಯವರ ಕಾಳಜಿ ನಿಜವಾದದ್ದೇ. ಆದರೆ ಆ ಮಾತುಗಳನ್ನು ನಂಬಿ ಬದುಕಿನ ದೊಡ್ಡ ನಿರ್ಧಾರ ತೆಗೆದುಕೊಳ್ಳುವ ಮುಂಚೆ ಅವುಗಳಲ್ಲಿ ಹುರುಳೆಷ್ಟಿದೆ ಎಂದು ನೋಡಬೇಕು.

ಮೊದಲನೆಯ ಗಾದೆ ಹುಟ್ಟಿದ್ದು ಮಕ್ಕಳನ್ನು ಬೆಳೆಸುವ ವಿಚಾರದಲ್ಲಿ. ನಡತೆಯನ್ನು ಎಳೆಯದರಲ್ಲೇ ತಿದ್ದಿ ಎಂಬುದು ಅದರ ಬುದ್ಧಿಮಾತು. ಅದನ್ನು ಕಲಿಕೆಗೆ ಅನ್ವಯಿಸಿ, ನಲವತ್ತಾದ ಮೇಲೆ ತಲೆಗೆ ಏನೂ ಹತ್ತುವುದಿಲ್ಲ ಎಂದು ಹೇಳುವುದು ತಪ್ಪು. 2015ರಲ್ಲಿ ಜೋಶುವಾ ಹಾರ್ಟ್‌ಶಾರ್ನ್ ಮತ್ತು ಲಾರಾ ಜರ್ಮೈನ್ ಎಂಬ ಸಂಶೋಧಕರು ಸಾವಿರಾರು ಜನರ ಪರೀಕ್ಷಾ ಫಲಿತಾಂಶಗಳನ್ನಿಟ್ಟುಕೊಂಡು ಒಂದು ಅಧ್ಯಯನ ಪ್ರಕಟಿಸಿದರು. ಬುದ್ಧಿಯ ಎಲ್ಲ ಶಕ್ತಿಗಳೂ ಒಂದೇ ವಯಸ್ಸಿನಲ್ಲಿ ಏರಿ ಒಟ್ಟಿಗೇ ಇಳಿಯುವುದಿಲ್ಲ ಎಂಬುದು ಅದರಲ್ಲಿ ಕಂಡಿತು. ಥಟ್ಟನೆ ಗ್ರಹಿಸುವ ವೇಗ ಹದಿಹರೆಯದ ಕೊನೆಗೇ ಶಿಖರ ಮುಟ್ಟುತ್ತದೆ. ಆಗಷ್ಟೇ ಕೇಳಿದ್ದನ್ನು ಹಿಡಿದಿಟ್ಟುಕೊಳ್ಳುವ ನೆನಪು ಇಪ್ಪತ್ತೈದರ ಹೊತ್ತಿಗೆ ಗಟ್ಟಿಯಾಗಿದ್ದು, ಮೂವತ್ತೈದರ ನಂತರ ಇಳಿಯತೊಡಗುತ್ತದೆ. ಎದುರಿಗಿರುವವರ ಮುಖ ನೋಡಿ ಅವರ ಭಾವ ಅರಿಯುವ ಶಕ್ತಿ ಮಾತ್ರ ನಲವತ್ತು, ಐವತ್ತರ ದಶಕದಲ್ಲಿ ಮೇಲಿರುತ್ತದೆ. ಪದಸಂಪತ್ತು ಅರವತ್ತು ದಾಟಿದರೂ ಬೆಳೆಯುತ್ತಲೇ ಇರುತ್ತದೆ.

ಹಾಗಾಗಿ ಗಾದೆಯಲ್ಲಿ ಅರ್ಧ ಸತ್ಯವಿದೆ. ಒಂದು ಸಲ ಓದಿದ್ದು ಇಪ್ಪತ್ತರ ಹುಡುಗನಿಗೆ ನಿಂತಷ್ಟು ಸುಲಭವಾಗಿ ನಲವತ್ತೈದರವರಿಗೆ ನಿಲ್ಲುವುದಿಲ್ಲ. ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡು, ಎರಡು ದಿನ ಬಿಟ್ಟು ಮತ್ತೆ ಅದನ್ನೇ ಮಾಡಬೇಕಾಗುತ್ತದೆ. ಆದರೆ ಕಲಿಯಲು ಆಗುವುದೇ ಇಲ್ಲ ಎನ್ನುವುದಕ್ಕೆ ನಮ್ಮ ಕೋರ್ಟುಗಳಲ್ಲೇ ಉತ್ತರವಿದೆ. 2024ರ ಜುಲೈ 1ರಂದು ಭಾರತೀಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಕೊಲೆಯ 302ನೇ ಕಲಂ 103 ಆಯಿತು, ವಂಚನೆಯ 420 ಹೋಗಿ 318 ಬಂತು. ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಂತೂ ಇನ್ನೂ ತೊಡಕು: ಹಳೆಯದರಲ್ಲಿ 482ನೇ ಕಲಂ ಹೈಕೋರ್ಟಿನ ಅಂತರ್ಗತ ಅಧಿಕಾರದ್ದು, ಹೊಸದರಲ್ಲಿ ಅದೇ 482 ನಿರೀಕ್ಷಣಾ ಜಾಮೀನಿನದು. ನಲವತ್ತು ವರ್ಷ ವಕೀಲಿಕೆ ಮಾಡಿದ ಹಿರಿಯರೂ ಕೂತು ಹೊಸ ಸಂಖ್ಯೆಗಳನ್ನು ಕಲಿಯಬೇಕಾಯಿತು, ಕಲಿತು ವಾದಿಸುತ್ತಲೂ ಇದ್ದಾರೆ. ಈಗ ಹೊಸದಾಗಿ ಓದಲು ಕೂರುವವರಿಗೆ ಹಳೆಯದನ್ನು ಮರೆಯುವ ಕಷ್ಟವಾದರೂ ಇಲ್ಲ.

ಇನ್ನು ಹುರಿದುಂಬಿಸುವ ಮಾತುಗಳು. ಇವನ್ನು ಹೆಚ್ಚು ಎಚ್ಚರಿಕೆಯಿಂದ ನೋಡಬೇಕು, ಏಕೆಂದರೆ ಇವನ್ನು ನಂಬಿ ಜನ ರಾಜೀನಾಮೆ ಬರೆದುಬಿಡುತ್ತಾರೆ. ವಾಟ್ಸಾಪ್ ಕತೆಯ ಪ್ರಕಾರ ಕರ್ನಲ್ ಸ್ಯಾಂಡರ್ಸ್ ಅರವತ್ತೈದರಲ್ಲಿ ಕೈಯಲ್ಲಿ ಕಾಸಿಲ್ಲದೆ ಮೊದಲಿನಿಂದ ಶುರುಮಾಡಿ, 1009 ಕಡೆ ‘ಬೇಡ’ ಅನ್ನಿಸಿಕೊಂಡು, ಕೊನೆಗೆ ಕೋಟ್ಯಧಿಪತಿಯಾದರು. 1009 ಎಂಬ ಆ ಅಂಕಿಗೆ ಗಟ್ಟಿ ಆಧಾರವಿಲ್ಲ. ನಡೆದದ್ದು ಬೇರೆ. 1890ರಲ್ಲಿ ಹುಟ್ಟಿದ ಅವರು 1930ರಲ್ಲಿ ಕೆಂಟಕಿಯ ಕಾರ್ಬಿನ್‌ನಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತ, ದಾರಿಹೋಕರಿಗೆ ತಮ್ಮ ಊಟದ ಮೇಜಿನಲ್ಲೇ ಬಡಿಸತೊಡಗಿದರು. ಆಗ ಅವರಿಗೆ ನಲವತ್ತು. ಅದೇ ಬೆಳೆದು ಹೋಟೆಲ್ ಆಯಿತು. ಕೋಳಿಯನ್ನು ಬೇಗ ಬೇಯಿಸಲು ಪ್ರೆಷರ್ ಕುಕ್ಕರ್ ಬಳಸುವ ವಿಧಾನವನ್ನು ಅಲ್ಲೇ ಕಂಡುಕೊಂಡರು. 1952ರಲ್ಲಿ ಸಾಲ್ಟ್ ಲೇಕ್ ಸಿಟಿಯ ಪೀಟ್ ಹಾರ್ಮನ್ ಎಂಬ ಹೋಟೆಲ್ ಮಾಲೀಕರಿಗೆ ಆ ವಿಧಾನ ಕೊಟ್ಟದ್ದೂ ಆಯಿತು. ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುವುದೆಂದಾದಾಗ ಹೋಟೆಲ್ ಮಾರಿ ಊರೂರು ಸುತ್ತಿದ್ದು ಆಮೇಲೆ. ಅರವತ್ತೈದರಲ್ಲಿ ಅವರ ಬೆನ್ನಿಗೆ ಅದೇ ಕಸುಬಿನ ಇಪ್ಪತ್ತೈದು ವರ್ಷಗಳಿದ್ದವು.

ಇದು ಒಬ್ಬರ ಕತೆಯಷ್ಟೇ ಅಲ್ಲ. ಅಮೆರಿಕದಲ್ಲಿ ಕಂಪನಿ ಆರಂಭಿಸಿದ ಸುಮಾರು 27 ಲಕ್ಷ ಜನರ ದಾಖಲೆ ಪರಿಶೀಲಿಸಿ ಪಿಯರ್ ಅಝೂಲೆ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅತಿ ವೇಗವಾಗಿ ಬೆಳೆದ ಸಾವಿರಕ್ಕೊಂದು ಕಂಪನಿಯ ಸ್ಥಾಪಕರ ಸರಾಸರಿ ವಯಸ್ಸು 45. ನಲವತ್ತು ದಾಟಿದವರು ಈ ಅಂಕಿಯನ್ನು ಸಂತೋಷದಿಂದ ಹಂಚಿಕೊಳ್ಳುತ್ತಾರೆ. ಅದೇ ಅಧ್ಯಯನದ ಇನ್ನೊಂದು ಮಾತನ್ನು ಬಿಟ್ಟುಬಿಡುತ್ತಾರೆ: ತಾವು ಇಳಿದ ಉದ್ಯಮದಲ್ಲೇ ಮೂರು ವರ್ಷಕ್ಕಿಂತ ಹೆಚ್ಚು ದುಡಿದಿದ್ದವರು ಹಾಗೆ ಗೆಲ್ಲುವ ಸಾಧ್ಯತೆ ಉಳಿದವರಿಗಿಂತ ಹೆಚ್ಚುಕಡಿಮೆ ದುಪ್ಪಟ್ಟು.

‘ಕೋಟಿ ವಿದ್ಯೆಗಿಂತ ಮೇಟಿ ವಿದ್ಯೆಯೇ ಮೇಲು’ ಎಂದು ಕಂಪನಿ ಕೆಲಸ ಬಿಟ್ಟು ಊರಿಗೆ ಮರಳುವವರೂ ಇದನ್ನೇ ಗಮನಿಸಬೇಕು. ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು ಐದರಿಂದ ಏಳು ವರ್ಷ ಬೇಕು. ನಲವತ್ತನಾಲ್ಕರಲ್ಲಿ ನೆಟ್ಟವರು ಐವತ್ತರ ಆಸುಪಾಸಿನಲ್ಲಿ ಮೊದಲ ಗೊನೆ ಇಳಿಸುತ್ತಾರೆ. ಅಲ್ಲಿಯವರೆಗೆ ಮನೆ ನಡೆಯುವುದು ಹೇಗೆ ಎಂಬುದು ಗಾದೆಯಲ್ಲಿಲ್ಲ.

ಈಗ ದಿಡ್ಡಿ ಬಾಗಿಲಿನ ಗಾದೆಗೆ ಬರೋಣ. ಕಾಲ ಮೀರಿದೆಯೇ ಎಂಬುದನ್ನು ಗಾದೆ ಹೇಳಲಾರದು, ಆಯಾ ವೃತ್ತಿಯ ಲಿಖಿತ ನಿಯಮ ಹೇಳುತ್ತದೆ. ವಕೀಲಿಕೆಯನ್ನೇ ತೆಗೆದುಕೊಳ್ಳಿ. ‘ನಲವತ್ತೈದು ದಾಟಿದರೆ ಸನ್ನದು ಸಿಗುವುದಿಲ್ಲ’ ಎಂಬ ನಂಬಿಕೆ ಇಂದಿಗೂ ಇದೆ. ಅದು ಗಾಳಿಮಾತಲ್ಲ, ಒಂದು ಕಾಲಕ್ಕೆ ನಿಯಮವೇ ಆಗಿತ್ತು. 45 ವರ್ಷ ತುಂಬಿದವರನ್ನು ವಕೀಲರಾಗಿ ನೋಂದಾಯಿಸಬಾರದು ಎಂದು ಭಾರತೀಯ ವಕೀಲರ ಪರಿಷತ್ತು 1993ರಲ್ಲಿ ನಿಯಮ ಮಾಡಿತು. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ವಕೀಲರ ಕಾಯ್ದೆ ನೋಂದಣಿಗೆ 21 ವರ್ಷ ಆಗಿರಬೇಕು ಎನ್ನುತ್ತದೆಯೇ ಹೊರತು ಗರಿಷ್ಠ ವಯಸ್ಸು ಹೇಳುವುದಿಲ್ಲ, ಕಾಯ್ದೆಯಲ್ಲಿಲ್ಲದ ನಿಷೇಧವನ್ನು ಪರಿಷತ್ತು ತರುವಂತಿಲ್ಲ ಎಂಬುದು ತೀರ್ಪಿನ ಸಾರ. ಮುಂದೆ ಪರಿಷತ್ತು ಮೂರು ವರ್ಷದ ಎಲ್‌ಎಲ್‌ಬಿ ಪ್ರವೇಶಕ್ಕೆ 30 ವರ್ಷದ ಮಿತಿ ತಂದಿತು. ಅದಕ್ಕೂ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಮೂವತ್ತು ವರ್ಷ ಹಿಂದೆ ಬಿದ್ದುಹೋದ ನಿಯಮವೊಂದು ಜನರ ಭಯದಲ್ಲಿ ಇನ್ನೂ ಜಾರಿಯಲ್ಲಿರುವುದು ಬೇಸರದ ಸಂಗತಿ.

ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿರುವ, 42 ವರ್ಷದ ಬಿ.ಕಾಂ ಪದವೀಧರರೊಬ್ಬರು ವಕೀಲರಾಗಬೇಕು ಎಂದುಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟರಿಗೆ ಶೇ 40 ಅಂಕ ಇರಬೇಕು. ಎಲ್‌ಎಲ್‌ಬಿ ಆರು ಸೆಮಿಸ್ಟರ್. ಅಂಚೆ ತೆರಪಿನಲ್ಲಿ ಪಡೆದ ಎಲ್‌ಎಲ್‌ಬಿಗೆ ಸನ್ನದು ಸಿಗುವುದಿಲ್ಲ, ತರಗತಿ ಹಾಜರಾತಿ ಶೇ 70 ಬೇಕು. ಎಡವುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗಿನ ಕೆಲಸ ಇಟ್ಟುಕೊಂಡು ಈ ಹಾಜರಾತಿ ತುಂಬಿಸಲಾಗದು. ‘ಹಾಜರಾತಿ ನಾವು ನೋಡಿಕೊಳ್ಳುತ್ತೇವೆ’ ಎಂದು ಯಾವುದಾದರೂ ಕಾಲೇಜಿನವರು ಹೇಳಿದರೆ ಅಲ್ಲಿಗೆ ಸೇರದಿರುವುದು ಕ್ಷೇಮ, ಏಕೆಂದರೆ ಮುಂದೆ ಪ್ರಶ್ನೆ ಎದ್ದರೆ ಸಿಕ್ಕಿಬೀಳುವುದು ವಿದ್ಯಾರ್ಥಿ.

ಅವರಿಗೆ 45 ಆಗುವ ಹೊತ್ತಿಗೆ ಪದವಿ ಕೈಗೆ ಬರುತ್ತದೆ. ನಂತರ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. ಇದಕ್ಕೆ ಸಾಮಾನ್ಯ ವರ್ಗದವರಿಂದ 750 ರೂಪಾಯಿ, ಪರಿಶಿಷ್ಟರಿಂದ 125 ರೂಪಾಯಿ ಮೀರಿ ನೋಂದಣಿ ಶುಲ್ಕ ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ. ಸನ್ನದು ಪಡೆದವರು ಪೂರ್ಣಾವಧಿ ಸಂಬಳದ ನೌಕರಿಯಲ್ಲಿ ಇರುವಂತಿಲ್ಲ. ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಪಾಸು ಮಾಡಬೇಕು. ನೂರು ಪ್ರಶ್ನೆಗಳ ಆ ಪರೀಕ್ಷೆಗೆ ಟಿಪ್ಪಣಿ ಇಲ್ಲದ ಕಾಯ್ದೆ ಪುಸ್ತಕ ಒಯ್ಯಬಹುದು.

ಅಸಲಿ ಪರೀಕ್ಷೆ ಆಮೇಲೆ, ಹಿರಿಯ ವಕೀಲರ ಕಚೇರಿಯಲ್ಲಿ ಜೂನಿಯರ್ ಆಗಿರುವ ಎರಡು ಮೂರು ವರ್ಷ. ವಕಾಲತ್ತು ಹಾಕುವುದು, ಮುಂದಿನ ದಿನಾಂಕ ಡೈರಿಯಲ್ಲಿ ಬರೆದುಕೊಳ್ಳುವುದು, ದೃಢೀಕೃತ ನಕಲಿಗೆ ಅರ್ಜಿ ಕೊಡುವುದು ಇಲ್ಲಿನ ಕೆಲಸ. ಹೊಸಬರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಪರಿಷತ್ತು 2024ರಲ್ಲಿ ಸಲಹೆ ಮಾಡಿತು. ಅದು ಸಲಹೆ ಮಾತ್ರ, ಕಡ್ಡಾಯವಲ್ಲ. ಮನೆ ಖರ್ಚು ತಿಂಗಳಿಗೆ 35,000 ಎಂದು ಹಿಡಿದರೆ ಓದಿನ ಮೂರು ವರ್ಷಕ್ಕೆ 12.6 ಲಕ್ಷ. ಜೂನಿಯರ್ ಆದ ಎರಡು ವರ್ಷ ತಿಂಗಳಿಗೆ 15,000 ಸಿಕ್ಕರೂ ಕೊರತೆ 4.8 ಲಕ್ಷ. ಕಾಲೇಜು ಶುಲ್ಕ ಬಿಟ್ಟೇ 17.4 ಲಕ್ಷ ರೂಪಾಯಿ, ಅಥವಾ ಸಂಗಾತಿಯ ಸಂಬಳ, ಕೈಯಲ್ಲಿರಬೇಕು. ‘ತಡವಾಯಿತು’ ಎಂಬ ಭಯದ ಹಿಂದೆ ಬಹುಪಾಲು ಇರುವುದು ಈ ಲೆಕ್ಕ, ವಯಸ್ಸಲ್ಲ.

ಅನುಭವ ನೆರವಿಗೆ ಬರುವುದೂ ಇದೇ ಹಂತದಲ್ಲಿ. ಚೆಕ್ ಬೌನ್ಸ್ ಪ್ರಕರಣದಲ್ಲಿ ಬ್ಯಾಂಕ್ ಚೆಕ್ ಮರಳಿಸಿದ ಮಾಹಿತಿ ಸಿಕ್ಕ 30 ದಿನದೊಳಗೆ ನೋಟಿಸ್ ಕೊಡಬೇಕು, ಹಣ ಕೊಡಲು ಎದುರಿಗಿನವರಿಗೆ 15 ದಿನ ಬಿಡಬೇಕು, ಅದು ಮುಗಿದ ಮೇಲೆ ಒಂದು ತಿಂಗಳೊಳಗೆ ದೂರು ಹಾಕಬೇಕು. ಈ ಗಡುವುಗಳನ್ನು ಯಾರಾದರೂ ಕಲಿಯಬಹುದು. ಆದರೆ ಎರಡು ಕಡೆಯವರ ಲೆಡ್ಜರ್ ಮುಂದಿಟ್ಟುಕೊಂಡು, ಆ ಚೆಕ್ ಬರೆದ ದಿನ ನಿಜಕ್ಕೂ ಬಾಕಿ ಎಷ್ಟಿತ್ತು ಎಂದು ಹೇಳಲು ಇಪ್ಪತ್ತು ವರ್ಷ ಲೆಕ್ಕ ಬರೆದ ಕಣ್ಣು ಬೇಕು. ಜಿಎಸ್‌ಟಿ ವ್ಯಾಜ್ಯಗಳಲ್ಲೂ ಹಾಗೆಯೇ. ಹಿರಿಯ ವಕೀಲರು ಅಂಥ ಜೂನಿಯರ್‌ಗೆ ಬೇಗ ಫೈಲು ಒಪ್ಪಿಸುತ್ತಾರೆ.

ಮುಚ್ಚಿದ ಬಾಗಿಲುಗಳೂ ಇವೆ, ಅವನ್ನು ಮರೆಮಾಚಬಾರದು. ಕರ್ನಾಟಕದಲ್ಲಿ ಸಿವಿಲ್ ನ್ಯಾಯಾಧೀಶರ ನೇರ ನೇಮಕಾತಿಗೆ ಸಾಮಾನ್ಯ ವರ್ಗದ ವಯೋಮಿತಿ 35. ವಕೀಲರಿಂದ ನೇರವಾಗಿ ಜಿಲ್ಲಾ ನ್ಯಾಯಾಧೀಶರಾಗಲು ಏಳು ವರ್ಷದ ವಕೀಲಿಕೆ ಬೇಕು, ಸಾಮಾನ್ಯ ವರ್ಗಕ್ಕೆ ವಯಸ್ಸು 45 ದಾಟಿರಬಾರದು. 45ರಲ್ಲಿ ಸನ್ನದು ಪಡೆದವರಿಗೆ ಏಳು ವರ್ಷ ತುಂಬುವುದು 52ಕ್ಕೆ. ನ್ಯಾಯಾಧೀಶರ ಪೀಠದ ಆಸೆಯಿಂದಲೇ ಓದಲು ಹೊರಟವರಿಗೆ ತಡವಾಗಿರುವುದು ನಿಜ, ಇದನ್ನು ಪ್ರವೇಶಕ್ಕೆ ಮೊದಲೇ ಹೇಳಬೇಕು. ವಕೀಲಿಕೆಗಾದರೋ ನಿವೃತ್ತಿ ವಯಸ್ಸೇ ಇಲ್ಲ. 48ರ ಹೊತ್ತಿಗೆ ಸ್ವತಂತ್ರವಾಗಿ ಕೂತವರಿಗೆ ಆರೋಗ್ಯವಿದ್ದರೆ ಇಪ್ಪತ್ತು ವರ್ಷ ದುಡಿಯಲು ಅವಕಾಶವಿದೆ.

ವಕೀಲಿಕೆಯ ಯೋಚನೆಯಲ್ಲಿರುವವರು ರಾಜೀನಾಮೆಗೆ ಮುಂಚೆ ಮೂರು ಕಾಗದ ಮುಂದಿಟ್ಟುಕೊಳ್ಳಲಿ: ಪದವಿಯ ಅಂಕಪಟ್ಟಿ, ಸೇರಬೇಕೆಂದಿರುವ ಕಾಲೇಜಿನ ವೇಳಾಪಟ್ಟಿ, ಬ್ಯಾಂಕಿನ ಪಾಸ್‌ಬುಕ್. ಆ ಕಾಲೇಜಿಗೆ ವಕೀಲರ ಪರಿಷತ್ತಿನ ಮಾನ್ಯತೆ ಈ ವರ್ಷಕ್ಕೂ ಇದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ವಿಚಾರಿಸಿಕೊಳ್ಳಲಿ.