ಥೈರಾಯ್ಡ್ ಕ್ಯಾನ್ಸರ್: ಚಿಕಿತ್ಸೆ ಮುಗಿದ ಮೇಲಿನ ಆ ಒಂದು ರಕ್ತಪರೀಕ್ಷೆ

ಕಳೆದ ವರ್ಷ ಮೂವತ್ತನಾಲ್ಕು ವರ್ಷದ ಮಹಿಳೆಯೊಬ್ಬರು ಗಂಡನೊಂದಿಗೆ ನನ್ನ ಬಳಿಗೆ ಬಂದಿದ್ದರು. ಎರಡು ವರ್ಷಗಳ ಹಿಂದೆ ಅವರಿಗೆ ಪ್ಯಾಪಿಲರಿ ಥೈರಾಯ್ಡ್ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಗಿತ್ತು. "ಡಾಕ್ಟ್ರೇ, ಥೈರೋಗ್ಲೋಬ್ಯುಲಿನ್ 0.2ಕ್ಕಿಂತ ಕಡಿಮೆ ಬಂದಿದೆ. ಇನ್ನು ಆ ಮಾತ್ರೆ ಬಿಟ್ಟು ಯುನಾನಿ ಔಷಧಿ ತಗೊಳ್ಬಹುದಾ?" ಎಂದು ಕೇಳಿದರು. ಬೇಡ ಎಂದೆ. ಗ್ರಂಥಿಯನ್ನೇ ತೆಗೆದ ಮೇಲೆ ಥೈರಾಕ್ಸಿನ್ ಮಾತ್ರೆಗೆ ಯಾವ ಪದ್ಧತಿಯಲ್ಲೂ ಬದಲಿಯಿಲ್ಲ. ಆದರೆ ಅವರ ವರದಿಯ ಮುಂದಿನ ಸಾಲು ನೋಡಿದಾಗ ನನಗೆ ಬೇರೊಂದು ಚಿಂತೆ ಹತ್ತಿತು. ಅದನ್ನು ಹೇಳುವ ಮೊದಲು ಈ ಚಿಕಿತ್ಸೆ ಹೇಗೆ ನಡೆಯುತ್ತದೆ ಎಂದು ನೋಡೋಣ.

ಪ್ಯಾಪಿಲರಿ ಮತ್ತು ಫಾಲಿಕ್ಯುಲರ್ ಕ್ಯಾನ್ಸರ್‌ನ ಕಣಗಳು ಸಾಮಾನ್ಯವಾಗಿ ಥೈರಾಯ್ಡ್ ಕಣಗಳ ಎರಡು ಗುಣಗಳನ್ನು ಉಳಿಸಿಕೊಂಡಿರುತ್ತವೆ. ಅವು ಅಯೋಡಿನ್ ಹೀರುತ್ತವೆ ಮತ್ತು ಥೈರೋಗ್ಲೋಬ್ಯುಲಿನ್ ಎಂಬ ಪ್ರೋಟೀನ್ ತಯಾರಿಸುತ್ತವೆ. ಶಸ್ತ್ರಚಿಕಿತ್ಸೆಯ ನಂತರದ ಚಿಕಿತ್ಸೆ ಮತ್ತು ಕಾವಲು ಈ ಎರಡು ಗುಣಗಳ ಮೇಲೆಯೇ ನಿಂತಿವೆ.

ಮೊದಲ ಹಂತ ಶಸ್ತ್ರಚಿಕಿತ್ಸೆ. ಗಂಟು ಚಿಕ್ಕದಿದ್ದು ಅಪಾಯ ಕಡಿಮೆಯಿದ್ದರೆ ಅರ್ಧ ಗ್ರಂಥಿ ತೆಗೆದರೆ ಸಾಕಾಗಬಹುದು. ಆಗ ಅಯೋಡಿನ್ ಚಿಕಿತ್ಸೆಯೂ ಬೇಕಾಗುವುದಿಲ್ಲ. ಈ ಮಹಿಳೆಗೆ ಕುತ್ತಿಗೆಯ ಗಳಲೆಗಳಿಗೂ ರೋಗ ಹರಡಿದ್ದರಿಂದ ಪೂರ್ತಿ ಗ್ರಂಥಿಯನ್ನೂ ಆ ಗಳಲೆಗಳನ್ನೂ ತೆಗೆದಿದ್ದರು. ಥೈರಾಯ್ಡ್‌ನ ಹಿಂಬದಿಯಲ್ಲಿ ಕ್ಯಾಲ್ಸಿಯಂ ನಿಯಂತ್ರಿಸುವ ನಾಲ್ಕು ಪುಟ್ಟ ಗ್ರಂಥಿಗಳಿವೆ. ಅವಕ್ಕೆ ಪೆಟ್ಟಾದರೆ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುತ್ತದೆ. ಹಾಗಾದರೆ ತಡ ಮಾಡದೆ ವೈದ್ಯರಿಗೆ ತಿಳಿಸಬೇಕು.

ಎರಡನೆಯದು ವಿಕಿರಣ ಅಯೋಡಿನ್. ಉಳಿದ ಕಣಗಳು ಇದನ್ನು ಚೆನ್ನಾಗಿ ಹೀರಬೇಕಾದರೆ ರಕ್ತದಲ್ಲಿ ಟಿಎಸ್‌ಎಚ್ 30ಕ್ಕಿಂತ ಮೇಲೇರಬೇಕು. ಅದಕ್ಕಾಗಿ ಥೈರಾಕ್ಸಿನ್ ಅನ್ನು ಮೂರು-ನಾಲ್ಕು ವಾರ ನಿಲ್ಲಿಸುತ್ತಾರೆ, ಇಲ್ಲವೇ ಟಿಎಸ್‌ಎಚ್ ಚುಚ್ಚುಮದ್ದು ಕೊಡುತ್ತಾರೆ. ಜೊತೆಗೆ ಒಂದೆರಡು ವಾರ ಅಯೋಡಿನ್ ಇರುವ ಉಪ್ಪು, ಸಮುದ್ರದ ಮೀನು, ಸಿಗಡಿ, ಹಾಲು ಮತ್ತು ಮೊಟ್ಟೆಯ ಹಳದಿ ಬಿಡಬೇಕು. ಕಣಗಳ ಹೊಟ್ಟೆ ಮೊದಲೇ ತುಂಬಿದ್ದರೆ ಔಷಧದ ಅಯೋಡಿನ್‌ಗೆ ಜಾಗವಿರುವುದಿಲ್ಲ. ಈ ಮಹಿಳೆಗೆ 100 ಮಿಲಿಕ್ಯೂರಿ ಕೊಟ್ಟು, ಪ್ರತ್ಯೇಕ ಕೋಣೆಯಲ್ಲಿ ಇರಿಸಿಕೊಂಡು, ಕೆಲವು ದಿನಗಳ ನಂತರ ಇಡೀ ದೇಹದ ಸ್ಕ್ಯಾನ್ ಮಾಡಿದ್ದರು. ಈ ಅಯೋಡಿನ್‌ನ ವಿಕಿರಣ ಎಂಟು ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಮನೆಗೆ ಬಂದ ಮೇಲೂ ಆಸ್ಪತ್ರೆಯವರು ಹೇಳಿದಷ್ಟು ದಿನ ಬೇರೆ ಮಲಗಬೇಕು, ಮಕ್ಕಳು ಮತ್ತು ಗರ್ಭಿಣಿಯರಿಂದ ದೂರವಿರಬೇಕು. ಗರ್ಭಿಣಿಗೆ ಈ ಚಿಕಿತ್ಸೆ ಕೊಡುವಂತಿಲ್ಲ. ಹಾಲುಣಿಸುವ ತಾಯಿ ಕನಿಷ್ಠ ಆರು ವಾರ ಮೊದಲೇ ಹಾಲು ಬಿಡಿಸಬೇಕು, ಆ ಮಗುವಿಗೆ ಮತ್ತೆ ಹಾಲುಣಿಸಬಾರದು. ಚಿಕಿತ್ಸೆಯ ನಂತರ ಆರು ತಿಂಗಳಿಂದ ಒಂದು ವರ್ಷ ಗರ್ಭಧಾರಣೆ ಮುಂದೂಡಬೇಕು.

ಮೂರನೆಯದು ಕಾವಲು. ಗ್ರಂಥಿ ಇರುವವರ ರಕ್ತದಲ್ಲಿ ಥೈರೋಗ್ಲೋಬ್ಯುಲಿನ್ ಹೇಗೂ ಇರುತ್ತದೆ, ಅದರಿಂದ ಕ್ಯಾನ್ಸರ್ ಗೊತ್ತಾಗುವುದಿಲ್ಲ. ಗ್ರಂಥಿ ಪೂರ್ತಿ ಹೋದ ಮೇಲೆ ಅದು ಇಲ್ಲವೆನ್ನುವಷ್ಟು ಇಳಿಯಬೇಕು. ಮತ್ತೆ ಏರತೊಡಗಿದರೆ ಥೈರಾಯ್ಡ್ ಕಣಗಳು ಎಲ್ಲೋ ಬೆಳೆಯುತ್ತಿವೆ ಎಂದರ್ಥ.

ಈಗ ಆ ಮುಂದಿನ ಸಾಲಿಗೆ ಬರೋಣ. ಅದು ಥೈರೋಗ್ಲೋಬ್ಯುಲಿನ್ ವಿರುದ್ಧದ ಆ್ಯಂಟಿಬಾಡಿಯ ಅಳತೆ. ಕೆಲವರ ದೇಹ ಇದನ್ನು ತಯಾರಿಸುತ್ತದೆ. ಅದು ಥೈರೋಗ್ಲೋಬ್ಯುಲಿನ್‌ಗೆ ಅಂಟಿಕೊಂಡು ಪರೀಕ್ಷೆಯ ಕಣ್ಣಿಗೆ ಬೀಳದಂತೆ ಮುಚ್ಚಿಬಿಡುತ್ತದೆ. ಆಗ 0.2 ಎಂಬ ಅಂಕಿಯನ್ನು ನಂಬುವಂತಿಲ್ಲ, ಆ್ಯಂಟಿಬಾಡಿಯ ಏರಿಳಿತವನ್ನೇ ನೋಡಬೇಕು. ರೋಗವಿಲ್ಲದಿದ್ದರೆ ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಈ ಮಹಿಳೆಗೆ ಮೊದಲು 640 ಇದ್ದದ್ದು 310ಕ್ಕೆ ಇಳಿದು, ಈ ಬಾರಿ 520ಕ್ಕೆ ಏರಿತ್ತು. ಮೂರೂ ಒಂದೇ ಪ್ರಯೋಗಾಲಯದ ವರದಿಗಳು, ಹಾಗಾಗಿ ಹೋಲಿಕೆ ಸರಿಯಾಗಿತ್ತು. ಲ್ಯಾಬ್ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಅಂದೇ ಅವರನ್ನು ಕ್ಯಾನ್ಸರ್ ವೈದ್ಯರ ಬಳಿಗೆ ಕಳುಹಿಸಿದೆ. ಕುತ್ತಿಗೆಯ ಅಲ್ಟ್ರಾಸೌಂಡ್‌ನಲ್ಲಿ 1.1 ಸೆಂಟಿಮೀಟರಿನ ಗಳಲೆ ಕಂಡಿತು. ಸೂಜಿ ಪರೀಕ್ಷೆಯಲ್ಲಿ ಅದೇ ರೋಗವೆಂದು ಖಚಿತವಾಗಿ, ಮತ್ತೊಂದು ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ತೆಗೆದರು. ಈಗ ಆ್ಯಂಟಿಬಾಡಿ ಮತ್ತೆ ಇಳಿಯುತ್ತಿದೆ.

ನಿಮ್ಮ ಮನೆಯಲ್ಲಿ ಇಂಥವರಿದ್ದರೆ ವರದಿಯಲ್ಲಿ ಎರಡೂ ಸಾಲು ಇವೆಯೇ ನೋಡಿ. ಕೂದಲು ಉದುರುವುದಕ್ಕೆ ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ, ರಕ್ತ ಕೊಡುವ ಎರಡು-ಮೂರು ದಿನ ಮೊದಲೇ ನಿಲ್ಲಿಸಿ. ಅದು ಕೂಡ ಅಂಕಿಯನ್ನು ಸುಳ್ಳಾಗಿ ತಗ್ಗಿಸಬಲ್ಲದು. ರಮಝಾನ್‌ನಲ್ಲೂ ಥೈರಾಕ್ಸಿನ್ ತಪ್ಪಿಸಬೇಡಿ. ಸೆಹ್ರಿಗೆ ಅರ್ಧ ಗಂಟೆ ಮೊದಲು ಎದ್ದು ನೀರಿನೊಂದಿಗೆ ತೆಗೆದುಕೊಳ್ಳಿ, ಇಲ್ಲವೇ ರಾತ್ರಿ ಊಟವಾಗಿ ಮೂರು ಗಂಟೆಯ ನಂತರ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆಯ ಅಂತರವಿರಲಿ.